ನಿಮಗಿದು ಗೊತ್ತೇ? ಒಂದು ಮಗುವಿನ ಶಾಲಾ ಖರ್ಚಿನ ಒಳಲೆಕ್ಕ

"ನಾಕು ಅಕ್ಷರ ಕಲಸಾಕ ಇಷ್ಟು ಫೀ ಯಾಕ್ರೀ?" ಜೂನ್ ತಿಂಗಳಲ್ಲಿ ಸುರಪುರ ತಾಲ್ಲೂಕಿನ ಯಾವ ಖಾಸಗಿ ಶಾಲೆಯ ಕಚೇರಿಯ ಮುಂದೆ ನಿಂತರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಕೇಳುವ ತಂದೆಗೆ ಉತ್ತರ ಗೊತ್ತಿರುವುದಿಲ್ಲ. ಬಹಳ ಕಡೆ ಫೀ ಕಟ್ಟಿಸಿಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಪಕ್ಕದ ಊರಿನ ಶಾಲೆ ಎಷ್ಟು ತಗೊಳ್ಳುತ್ತದೋ ಅದಕ್ಕಿಂತ ಐನೂರು ಹೆಚ್ಚೋ ಕಡಿಮೆಯೋ ಎಂದು ಫೀ ನಿಗದಿಯಾಗುತ್ತದೆ. ಆದರೆ ಒಂದು ಮಗುವಿಗೆ ವರ್ಷಕ್ಕೆ ಬೀಳುವ ನಿಜವಾದ ವೆಚ್ಚವನ್ನು ಕಂಡುಹಿಡಿಯುವ ಕ್ರಮವಾದ ದಾರಿ ಒಂದಿದೆ. ಬಿ.ಕಾಂ. ಓದಿದವರು ಅದನ್ನು ಸೇವಾ ವೆಚ್ಚ ಲೆಕ್ಕ ಎಂದು ಕಲಿತಿರುತ್ತಾರೆ. ವಸ್ತು ತಯಾರಿಸದೆ ಸೇವೆ ಮಾತ್ರ ಕೊಡುವ ಬಸ್ಸು, ಆಸ್ಪತ್ರೆ, ವಸತಿಗೃಹ, ಶಾಲೆ ಇವುಗಳಿಗೆಲ್ಲ ಸಲ್ಲುವ ಲೆಕ್ಕ ಅದು.

ಅದನ್ನು ಇಲ್ಲಿ ದೇವಾಪುರದಂಥ ಊರಿನ ಒಂದು ಶಾಲೆಗೆ ಹಚ್ಚಿ ನೋಡೋಣ. ಶಾಲೆ ಊಹೆಯದು, ಅಂಕಿಗಳು ಉದಾಹರಣೆಗಾಗಿ ಜೋಡಿಸಿದವು. ಎಲ್‌ಕೆಜಿಯಿಂದ 7ನೇ ತರಗತಿವರೆಗೆ ಒಂಬತ್ತು ತರಗತಿ, 240 ಮಕ್ಕಳು, 11 ಜನ ಶಿಕ್ಷಕರು, ಸ್ವಂತ ಕಟ್ಟಡ.

ಮೊದಲು ಇದನ್ನು ಹೇಳಿ: ಲೆಕ್ಕ ಶುರುವಾಗುವುದು ಖರ್ಚಿನ ಪಟ್ಟಿಯಿಂದಲೇ? ಅಲ್ಲ. ಮೊದಲು ತೀರ್ಮಾನವಾಗಬೇಕಾದದ್ದು ವೆಚ್ಚದ ಘಟಕ, ಅಂದರೆ ಯಾವುದಕ್ಕೆ ಎಷ್ಟು ಬಿತ್ತು ಎಂದು ಕೇಳುತ್ತಿದ್ದೇವೆ ಎಂಬುದು. ಪಾಠಕ್ಕಾದರೆ 'ಒಂದು ವರ್ಷಕ್ಕೆ ಒಂದು ಮಗು'. ವ್ಯಾನಿಗಾದರೆ 'ಒಂದು ಮಗುವನ್ನು ಒಂದು ಕಿಲೋಮೀಟರ್ ಒಯ್ಯುವುದು'. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ 240ರಿಂದ ಭಾಗಿಸಿದರೆ, ಮನೆಯಿಂದ ನಡೆದು ಬರುವ ಮಗುವಿನ ಫೀಯಲ್ಲಿ ಪರ ಊರಿನ ಮಗುವಿನ ಡೀಸೆಲ್ ಸೇರಿಕೊಳ್ಳುತ್ತದೆ. ಹಾಗಾಗಿ ವ್ಯಾನಿನ ಖಾತೆಯನ್ನು ಸದ್ಯಕ್ಕೆ ಬದಿಗಿಡೋಣ.

ಶಾಲೆಯ ವೆಚ್ಚದಲ್ಲಿ ಸಿಂಹಪಾಲು ಯಾವುದರದು? ಸಂಬಳದ್ದು. ನಮ್ಮ ಶಾಲೆಯಲ್ಲಿ ಶಿಕ್ಷಕರಿಗೆ ಸರಾಸರಿ 12,000 ರೂ. ಸಂಬಳ ಎಂದರೆ ತಿಂಗಳಿಗೆ 1,32,000. ಹೆಡ್‌ಮಾಸ್ತರರು, ಗುಮಾಸ್ತರು, ಆಯಾಗಳಿಗೆ ಸೇರಿ 53,000. ಒಟ್ಟು 1,85,000. ಇದನ್ನು ಎಷ್ಟು ತಿಂಗಳಿಗೆ ಗುಣಿಸಬೇಕು ಎಂಬಲ್ಲೇ ಮೊದಲ ಎಡವಟ್ಟು ಆಗುವುದು. ಪಾಠ ನಡೆಯುವುದು ಹತ್ತು ತಿಂಗಳು, ಹಾಗಾಗಿ ಹತ್ತರಿಂದ ಗುಣಿಸುವವರಿದ್ದಾರೆ. ಬೇಸಿಗೆ ರಜೆಯ ಸಂಬಳವೂ ಆ ಹತ್ತು ತಿಂಗಳ ಪಾಠದ ಬೆಲೆಯೇ. ಹನ್ನೆರಡರಿಂದಲೇ ಗುಣಿಸಬೇಕು: 22,20,000 ರೂ.

ಸಂಬಳದ ಪುಸ್ತಕದಲ್ಲಿ ಕಾಣದ ಸಂಬಳವೂ ಒಂದಿದೆ, ಗೊತ್ತೇ? ಅದು ಗ್ರಾಚ್ಯುಟಿ. 2009ರಲ್ಲಿ ಆದ ತಿದ್ದುಪಡಿಯಿಂದ ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಹಕ್ಕು ಬಂತು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ. ಶಾಲೆಗಳ ಒಕ್ಕೂಟಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸೇವೆಯ ಒಂದೊಂದು ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಶೇಕಡಾವಾರು ನೋಡಿದರೆ ಸಂಬಳದ 4.81ರಷ್ಟು. ನಮ್ಮ ಶಾಲೆಗೆ ವರ್ಷಕ್ಕೆ ಸುಮಾರು 1,07,000 ರೂ. ಈ ವರ್ಷ ಯಾರೂ ಕೆಲಸ ಬಿಡದಿದ್ದರೆ ಒಂದು ಪೈಸೆಯೂ ಹೊರಹೋಗುವುದಿಲ್ಲ, ಆದರೆ ಋಣ ಮಾತ್ರ ಈ ವರ್ಷವೇ ಹುಟ್ಟಿರುತ್ತದೆ. ಇದನ್ನು ಬರೆದಿಡದ ಶಾಲೆಯಲ್ಲಿ ಹದಿನೈದು ವರ್ಷ ದುಡಿದ ಬಾಯಿಯವರು ಹೊರಡುವ ದಿನ ತಕರಾರು ಏಳುತ್ತದೆ, ಆ ಹದಿನೈದು ವರ್ಷ ಓದಿಹೋದ ಮಕ್ಕಳ ಖರ್ಚನ್ನು ಈಗಿನ ಮಕ್ಕಳ ಫೀಯಿಂದ ತೆಗೆಯುವ ಸ್ಥಿತಿ ಬರುತ್ತದೆ. ಇದು ಇಬ್ಬರಿಗೂ ಅನ್ಯಾಯ. ಗ್ರಾಚ್ಯುಟಿ ಸೇರಿ ಸಿಬ್ಬಂದಿ ವೆಚ್ಚ 23,27,000.

ಇನ್ನು ಕಟ್ಟಡ. 60 ಲಕ್ಷದಲ್ಲಿ ಕಟ್ಟಿದ ಆರ್‌ಸಿಸಿ ಕಟ್ಟಡದ ವೆಚ್ಚ ಒಂದು ವರ್ಷಕ್ಕೆ ಎಷ್ಟು? 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ ಆಯಸ್ಸು ಕೊಟ್ಟಿದೆ. ಟ್ರಸ್ಟ್ ನಡೆಸುವ ಶಾಲೆ ಕಂಪನಿಯಲ್ಲ, ಆದರೂ ಅಳತೆಗೋಲಾಗಿ ಇದನ್ನು ಬಳಸಬಹುದು. ಹಾಗೆ ನೋಡಿದರೆ ವರ್ಷದ ಸವಕಳಿ 1 ಲಕ್ಷ. ಅದೇ ಅನುಸೂಚಿಯಲ್ಲಿ ಸಾಮಾನ್ಯ ಪೀಠೋಪಕರಣಕ್ಕೆ 10 ವರ್ಷ ಆಯಸ್ಸಾದರೆ, ಶಾಲಾ ಕಾಲೇಜಿನ ಬೆಂಚು ಕುರ್ಚಿಗೆ ಎಂಟೇ ವರ್ಷ! ಮಕ್ಕಳು ಕೂರುವ ಬೆಂಚು ಬೇಗ ಸವೆಯುತ್ತದೆ ಎಂದು ಕಾನೂನು ಬರೆದವರಿಗೂ ಗೊತ್ತಿದೆ. ಕಂಪ್ಯೂಟರಿಗೆ ಮೂರು ವರ್ಷ. ನಮ್ಮ ಶಾಲೆಯ 4,80,000 ರೂ. ಬೆಂಚುಗಳಿಗೆ ವರ್ಷಕ್ಕೆ 60,000, 1,80,000 ರೂ. ಕಂಪ್ಯೂಟರಿಗೂ 60,000. ಸುಣ್ಣ ಬಣ್ಣ ರಿಪೇರಿಗೆ 60,000, ಕರೆಂಟು, ನೀರು, ವಿಮೆ, ತೆರಿಗೆಗೆ 80,000 ಸೇರಿಸಿದರೆ ಕಟ್ಟಡದ ಬಾಬ್ತು 3,60,000.

ಜಾಗದ ಬೆಲೆ ಎಲ್ಲಿ ಎಂದು ಕೇಳುತ್ತೀರಾ? ಜಾಗಕ್ಕೆ ಸವಕಳಿ ಇಲ್ಲ. ಅದು ಸವೆಯುವುದಿಲ್ಲ.

ಬ್ಯಾಂಕಿನ ಕಂತನ್ನು ವೆಚ್ಚಕ್ಕೆ ಸೇರಿಸಬೇಕೇ? ಇದು ಅತಿ ಹೆಚ್ಚು ಜನ ಎಡವುವ ಜಾಗ. ಕಂತಿನಲ್ಲಿ ಅಸಲೂ ಇರುತ್ತದೆ, ಬಡ್ಡಿಯೂ ಇರುತ್ತದೆ. ಅಸಲು ಎಂದರೆ ಕಟ್ಟಡದ ಬೆಲೆಯೇ. ಆ ಬೆಲೆಯನ್ನು ಸವಕಳಿಯಾಗಿ ಆಗಲೇ ಬರೆದಿದ್ದೇವೆ. ಎರಡನ್ನೂ ಬರೆದರೆ ಅದೇ ಗೋಡೆಗೆ ಪೋಷಕರು ಎರಡು ಸಲ ದುಡ್ಡು ಕೊಟ್ಟಂತಾಯಿತು. ಬಡ್ಡಿಯನ್ನು ಮಾತ್ರ ಬೇರೆ ಸಾಲಿನಲ್ಲಿ ತೋರಿಸಬಹುದು. ಶಾಲೆಯ ವೆಚ್ಚಪಟ್ಟಿ ಕೈಗೆ ಸಿಕ್ಕರೆ 'ಸಾಲದ ಕಂತು' ಮತ್ತು 'ಸವಕಳಿ' ಎರಡೂ ಒಂದೇ ಹಾಳೆಯಲ್ಲಿವೆಯೇ ಎಂದು ಮೊದಲು ನೋಡಿ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಧರ್ಮಾರ್ಥ ಟ್ರಸ್ಟುಗಳು ಆದಾಯ ತೆರಿಗೆಗಾಗಿ ಲೆಕ್ಕ ಬರೆಯುವಾಗ ಕಟ್ಟಡಕ್ಕೆ ಹಾಕಿದ ಇಡೀ ಮೊತ್ತವನ್ನು ಅದೇ ವರ್ಷದ ವಿನಿಯೋಗವೆಂದು ತೋರಿಸಬಹುದು. ಹಾಗೆ ತೋರಿಸಿದ ಆಸ್ತಿಯ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ ಎಂದು 2014ರ ಹಣಕಾಸು ಕಾಯ್ದೆ ನಿಯಮ ಮಾಡಿತು. ತೆರಿಗೆಯ ಮಟ್ಟಿಗೆ ಅದು ಸರಿ. ಆದರೆ ಆ ಹಾಳೆಯನ್ನೇ ಹಿಡಿದು ಮಗುವಿನ ವೆಚ್ಚ ಲೆಕ್ಕ ಹಾಕಿದರೆ, ಕಟ್ಟಡ ಕಟ್ಟಿದ ವರ್ಷ ವೆಚ್ಚ ಆಕಾಶಕ್ಕೇರಿ, ಮರುವರ್ಷದಿಂದ ಕಟ್ಟಡವೇ ಇಲ್ಲವೇನೋ ಎಂಬಂತೆ ಕಾಣುತ್ತದೆ. ತೆರಿಗೆಯ ಹಾಳೆ ಬೇರೆ, ವೆಚ್ಚದ ಹಾಳೆ ಬೇರೆ.

ಶಾಲೆಯ ಪಾಠಕ್ಕೆ ಜಿಎಸ್‌ಟಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆ ಕಾರಣಕ್ಕೇ ಶಾಲೆ ಬೆಂಚು, ಬಣ್ಣ, ಕಂಪ್ಯೂಟರ್ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ವಾಪಸು ಸಿಗುವುದಿಲ್ಲ ಎಂಬುದು ಗೊತ್ತೇ? ಅಂಗಡಿಕಾರ ಅದನ್ನು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ, ಶಾಲೆಗೆ ಆ ಅವಕಾಶವಿಲ್ಲ. ಅದು ವೆಚ್ಚದಲ್ಲೇ ಉಳಿಯುತ್ತದೆ.

ಈಗ ಒಟ್ಟು ಮಾಡೋಣ. ಸಿಬ್ಬಂದಿ 23,27,000, ಕಟ್ಟಡ 3,60,000, ಗ್ಯಾದರಿಂಗ್ ಮತ್ತು ಆಟೋಟ 1,00,000, ಕಚೇರಿ, ಆಡಿಟ್, ಪರವಾನಗಿ ನವೀಕರಣ 93,000. ಕೊನೆಗೆ ಪರೀಕ್ಷೆ, ಹಾಳೆ, ಗುರುತಿನ ಚೀಟಿ ಮುಂತಾದವು ಮಗುವಿಗೆ 500ರಂತೆ 1,20,000. ಎಲ್ಲ ಸೇರಿ 30 ಲಕ್ಷ. 240ರಿಂದ ಭಾಗಿಸಿದರೆ ಒಂದು ಮಗುವಿಗೆ 12,500 ರೂ. ಇದರಲ್ಲಿ ಸುಮಾರು 9,700 ರೂ. ಸಿಬ್ಬಂದಿಗೆ, 1,500 ಕಟ್ಟಡಕ್ಕೆ. ಗೋಡೆಯ ಬಣ್ಣ ಮತ್ತು ಗೇಟಿನ ಎತ್ತರ ನೋಡಿ ಫೀ ಅಳೆಯುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಆದರೆ 12,500 ಎಂಬುದು ಗಟ್ಟಿಯಾದ ಅಂಕಿಯೇ? ಅಲ್ಲವೇ ಅಲ್ಲ. ತಿಂಥಣಿ ಜಾತ್ರೆಗೆ ಟಂಟಂ ಬಾಡಿಗೆ ಹಿಡಿದರೆ ಆರು ಜನ ಕೂತರೂ ಹತ್ತು ಜನ ಕೂತರೂ ಬಾಡಿಗೆ ಅಷ್ಟೇ, ತಲೆಗೆ ಬೀಳುವ ಪಾಲು ಮಾತ್ರ ಬೇರೆ. ನಮ್ಮ ಶಾಲೆಯ 30 ಲಕ್ಷದಲ್ಲಿ 28,80,000 ಇಂಥ ಸ್ಥಿರ ವೆಚ್ಚ. ಮಗುವಿಗೆ ಮಗುವಿಗೆ ಹೆಚ್ಚುವುದು ಆ 500 ರೂ. ಮಾತ್ರ. ಒಂಬತ್ತು ತರಗತಿಯೂ ಮೂವತ್ತರಂತೆ ತುಂಬಿ 270 ಮಕ್ಕಳಾದರೆ ತಲಾ ವೆಚ್ಚ ಸುಮಾರು 11,170ಕ್ಕೆ ಇಳಿಯುತ್ತದೆ. 200ಕ್ಕೆ ಕುಸಿದರೆ 14,900ಕ್ಕೆ ಏರುತ್ತದೆ. ಮಾಸ್ತರರೂ ಅವರೇ, ಗೋಡೆಯೂ ಅದೇ, ಪಾಠವೂ ಅದೇ.

ನಮ್ಮ ಕಡೆ ಈ ಭಾಗಿಸುವ ಅಂಕಿ ಇನ್ನೂ ಸಡಿಲ. ದೀಪಾವಳಿ ಕಳೆಯುತ್ತಿದ್ದಂತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಜೊತೆ ಮಕ್ಕಳೂ ಹೋಗುತ್ತಾರೆ. ಹೆಸರು ದಾಖಲಾತಿ ಪುಸ್ತಕದಲ್ಲಿ ಉಳಿಯುತ್ತದೆ, ಮಗು ಬೆಂಚಿನ ಮೇಲೆ ಇರುವುದಿಲ್ಲ. ಅದಕ್ಕೇ ಎರಡನೆಯ ಘಟಕವೊಂದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು: 'ಒಂದು ಮಗುವಿನ ಒಂದು ಹಾಜರಿ ದಿನ'. 240 ಮಕ್ಕಳು 220 ದಿನ ತಪ್ಪದೆ ಬಂದರೆ 52,800 ಹಾಜರಿ ದಿನ, ದಿನಕ್ಕೆ ಸುಮಾರು 57 ರೂ. ಹಾಜರಿ ಶೇ 80 ಆದರೆ ಅದೇ ಪಾಠದ ದಿನದ ವೆಚ್ಚ 71 ರೂ. ವರ್ಷದ ತಲಾ ವೆಚ್ಚ ಕದಲದೆ ದಿನದ ವೆಚ್ಚ ಮಾತ್ರ ಏರಿದರೆ ಹಾಜರಿ ಬಿದ್ದಿದೆ ಎಂದೇ ತಿಳಿಯಬೇಕು. ಗುಳೆ ಹೋದವರ ಬಾಕಿ ಫೀ ಇನ್ನೊಂದು ವಿಷಯ. ಅದು ವಸೂಲಿಯ ಪ್ರಶ್ನೆ, ವೆಚ್ಚದ ಅಂಕಿಯೊಳಗೆ ಅದನ್ನು ಸೇರಿಸಬಾರದು. 240ರಲ್ಲಿ 24 ಮಕ್ಕಳ ಫೀ ಬರಲಿಲ್ಲವೆಂದರೆ ಉಳಿದ 216 ಮಕ್ಕಳಿಂದ ತಲಾ 13,890ರಂತೆ ತೆಗೆಯಬೇಕಾದೀತು, ಆದರೆ ಮಗುವಿನ ವೆಚ್ಚ ಆಗಲೂ 12,500ವೇ.

ಹಾಗಾದರೆ ಹೊಸದಾಗಿ ಬರುವ ಒಂದು ಮಗುವಿನ ಹೆಚ್ಚುವರಿ ವೆಚ್ಚ ಎಷ್ಟು? ಖಾಲಿ ಬೆಂಚು ಇದ್ದರೆ 500 ರೂ. ಅದೇ ಒಂದನೇ ತರಗತಿಯಲ್ಲಿ ಮೂವತ್ತು ತುಂಬಿದ ಮೇಲೆ ಇನ್ನೂ ಆರು ಮಕ್ಕಳು ಬಂದು, ಅದನ್ನು ಎರಡು ವಿಭಾಗ ಮಾಡಬೇಕಾಯಿತು ಎನ್ನಿ. ಒಬ್ಬ ಶಿಕ್ಷಕಿಯ ವರ್ಷದ ಸಂಬಳ, ಗ್ರಾಚ್ಯುಟಿ ಸೇರಿ ಸುಮಾರು 1,51,000. ಆರು ಮಕ್ಕಳ ಹಾಳೆ ಪರೀಕ್ಷೆಗೆ 3,000. ಆ ಆರು ಮಕ್ಕಳ ತಲಾ ಹೆಚ್ಚುವರಿ ವೆಚ್ಚ 25,000 ದಾಟಿತು! ವೆಚ್ಚ ಇಲ್ಲಿ ಇಳಿಜಾರಿನಂತೆ ಏರದೆ ಒಮ್ಮೆಲೇ ಒಂದು ಮೆಟ್ಟಿಲು ಜಿಗಿಯುತ್ತದೆ. 'ಮಕ್ಕಳು ಹೆಚ್ಚಿದರೆ ಲಾಭ' ಎಂದು ಪ್ರವೇಶ ಕೊಡುತ್ತಾ ಹೋದ ಶಾಲೆ ಮಧ್ಯದಲ್ಲಿ ಕೈ ಕಚ್ಚಿಕೊಳ್ಳುವುದು ಈ ಮೆಟ್ಟಿಲಲ್ಲೇ. ಮೆಟ್ಟಿಲು ತಪ್ಪಿಸಲು ಐವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ತುಂಬುವ ಶಾಲೆಗಳೂ ಇವೆ. ಅಲ್ಲಿ ಹಾಳೆಯ ಮೇಲೆ ವೆಚ್ಚ ಇಳಿಯುತ್ತದೆ, ಮಗುವಿನ ಪಾಲಿನ ಗಮನವೂ ಅಷ್ಟೇ ಇಳಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 5ನೇ ತರಗತಿವರೆಗೆ ಮೂವತ್ತಕ್ಕೊಬ್ಬರು, 6ರಿಂದ 8ಕ್ಕೆ ಮೂವತ್ತೈದಕ್ಕೊಬ್ಬರು ಎಂಬ ಮಿತಿ ಇದೆ. ತಲಾ ವೆಚ್ಚ ಕಡಿಮೆ ಎಂದು ಹೇಳಿಕೊಳ್ಳುವ ಶಾಲೆಯಲ್ಲಿ ಮೊದಲು ಈ ಅನುಪಾತ ಕೇಳಿ.

ಒಂದೇ ಶಾಲೆಯಲ್ಲಿ ಒಂದನೇ ತರಗತಿಯ ಮಗುವಿಗೂ ಏಳನೇ ತರಗತಿಯ ಮಗುವಿಗೂ ವೆಚ್ಚ ಒಂದೇ ಅಲ್ಲ, ಗೊತ್ತೇ? ಶಿಕ್ಷಕರ ಸಂಬಳವನ್ನು ಮಕ್ಕಳ ತಲೆಗೆ ಹಂಚದೆ ಪೀರಿಯಡ್ಡಿಗೆ ಹಂಚಿ ನೋಡಿ. 11 ಶಿಕ್ಷಕರ ವರ್ಷದ ವೆಚ್ಚ ಸುಮಾರು 16,60,000. ಒಂಬತ್ತು ತರಗತಿಗೆ ವಾರಕ್ಕೆ ನಲವತ್ತರಂತೆ 360 ಪೀರಿಯಡ್. ಅಲ್ಲಿಗೆ ವೇಳಾಪಟ್ಟಿಯ ಒಂದು ಚೌಕಕ್ಕೆ ವರ್ಷಕ್ಕೆ ಸುಮಾರು 4,610 ರೂ., ಒಂದು ತರಗತಿಗೆ 1,84,400. ಮೂವತ್ತು ಮಕ್ಕಳಿರುವ ಒಂದನೇ ತರಗತಿಯಲ್ಲಿ ಇದು ತಲಾ 6,150. ಮೇಲಿನ ತರಗತಿಗೆ ಹೋದಂತೆ ಮಕ್ಕಳು ಸುರಪುರ, ಶಹಾಪುರದ ಶಾಲೆಗಳಿಗೋ ವಸತಿ ಶಾಲೆಗಳಿಗೋ ಹೋಗಿ ಏಳನೇ ತರಗತಿಯಲ್ಲಿ ಹದಿನೆಂಟೇ ಜನ ಉಳಿದಿದ್ದರೆ ಅಲ್ಲಿ ತಲಾ 10,240. ಕೆಳಗಿನ ತರಗತಿಯ ಮಕ್ಕಳ ಫೀ ಮೇಲಿನ ತರಗತಿಯನ್ನು ಸಾಕುತ್ತಿದೆ ಎಂದಾಯಿತು. ಹಾಗೆ ಸಾಕುವುದು ತಪ್ಪಲ್ಲ, ಊರಿನಲ್ಲಿ ಏಳನೇ ತರಗತಿ ಉಳಿಯಬೇಕಾದರೆ ಬೇರೆ ದಾರಿ ಇಲ್ಲದೆಯೂ ಇರಬಹುದು. ಆದರೆ ಎಷ್ಟು ಸಾಕುತ್ತಿದ್ದೇವೆ ಎಂಬುದು ಆಡಳಿತ ಮಂಡಳಿಗೆ ತಿಳಿದಿರಲೇಬೇಕು.

ಗ್ಯಾದರಿಂಗಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ? ಪೆಂಡಾಲು, ಸೌಂಡ್, ವೇಷಭೂಷಣ, ಬಹುಮಾನ ಸೇರಿ 70,000 ಎಂದು ಪಾವತಿಗಳು ಹೇಳುತ್ತವೆ. ಆದರೆ ಹದಿನೈದು ದಿನ ತಾಲೀಮಿನಲ್ಲಿ ಪ್ರತಿ ತರಗತಿಯ ಮೂರು ಪೀರಿಯಡ್ ಹೋಗಿರುತ್ತದೆ: ಒಟ್ಟು 405 ಪೀರಿಯಡ್. 4,610ನ್ನು ವರ್ಷದ ಸುಮಾರು 37 ವಾರಕ್ಕೆ ಹಂಚಿದರೆ ಒಂದು ಪೀರಿಯಡ್ಡಿಗೆ 125 ರೂ. ಅಂದರೆ ತಾಲೀಮಿನ ಬೆಲೆಯೇ 50,000 ರೂ. ಮೇಲಾಯಿತು. ಈ ಮೊತ್ತವನ್ನು 30 ಲಕ್ಷಕ್ಕೆ ಮತ್ತೆ ಸೇರಿಸಬಾರದು, ಅದು ಸಂಬಳದೊಳಗೇ ಇದೆ. ಪಾಠದ ಖಾತೆಯಿಂದ ತೆಗೆದು ಚಟುವಟಿಕೆಯ ಖಾತೆಗೆ ಬರೆಯಬೇಕು ಅಷ್ಟೇ. ನನ್ನ ಮಟ್ಟಿಗೆ ಇದು ವ್ಯರ್ಥ ಖರ್ಚಲ್ಲ. ದೊಡ್ಡಾಟದ ಪಾತ್ರ ಮಾಡಿ ವೇದಿಕೆಯ ಮೇಲೆ ಗಂಟಲೆತ್ತಿದ ಮಗು ಕಲಿತದ್ದೂ ಕಲಿಕೆಯೇ. ಕರಾಟೆಯ ಲೆಕ್ಕ ಬೇರೆ. ನಲವತ್ತೇ ಮಕ್ಕಳು ಸೇರಿದ್ದರೆ ತರಬೇತುದಾರರ ಸಂಭಾವನೆಯನ್ನು ಆ ನಲವತ್ತರಿಂದಲೇ ಭಾಗಿಸಬೇಕು.

ಬದಿಗಿಟ್ಟ ವ್ಯಾನನ್ನು ಈಗ ತೆಗೆಯೋಣ. ಚಾಲಕ, ಡೀಸೆಲ್, ವಿಮೆ, ಸವಕಳಿ ಸೇರಿ ವರ್ಷಕ್ಕೆ 4,20,000. ಹತ್ತಿರದ 5 ಕಿ.ಮೀ. ಹಳ್ಳಿಯಿಂದ 20 ಮಕ್ಕಳು, 12 ಕಿ.ಮೀ. ದೂರದಿಂದ 15 ಮಕ್ಕಳು. ಸಮನಾಗಿ ಹಂಚಿದರೆ ತಲಾ 12,000. ಮಕ್ಕಳನ್ನೂ ಕಿಲೋಮೀಟರನ್ನೂ ಗುಣಿಸಿ ಕೂಡಿಸಿದರೆ 100 ಮತ್ತು 180, ಒಟ್ಟು 280. ಒಂದು ಘಟಕಕ್ಕೆ 1,500 ರೂ. ಹತ್ತಿರದ ಮಗುವಿಗೆ 7,500, ದೂರದ ಮಗುವಿಗೆ 18,000. ಚಾಲಕನ ಸಂಬಳ ದೂರಕ್ಕೆ ತಕ್ಕಂತೆ ಏರುವುದಿಲ್ಲವಾದ್ದರಿಂದ ಸಂಬಳ, ವಿಮೆಯನ್ನು ತಲೆಗೂ ಡೀಸೆಲ್ಲನ್ನು ದೂರಕ್ಕೂ ಹಂಚುವುದು ಇನ್ನೂ ನ್ಯಾಯ. ಆಗ ಇಬ್ಬರ ನಡುವಿನ ಅಂತರ ಸ್ವಲ್ಪ ಕಿರಿದಾಗುತ್ತದೆ.

ಈ ಸ್ಥಿರ ವೆಚ್ಚದ ಮಾತು ಒಮ್ಮೆ ಇಡೀ ರಾಜ್ಯದಲ್ಲಿ ಪರೀಕ್ಷೆಗೆ ಬಿತ್ತು, ನೆನಪಿದೆಯೇ? ಕೊರೊನಾದಿಂದ ಶಾಲೆ ಮುಚ್ಚಿದ್ದ 2020-21ಕ್ಕೆ ಬೋಧನಾ ಶುಲ್ಕದ ಶೇ 70ನ್ನು ಮಾತ್ರ ಪಡೆಯಬೇಕೆಂದು ರಾಜ್ಯ ಸರ್ಕಾರ 2021ರ ಜನವರಿ 29ರಂದು ಆದೇಶಿಸಿತು. ಮೇ 3ರಂದು ರಾಜಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆಗಳಿಗೆ ಡೀಸೆಲ್, ವಿದ್ಯುತ್, ನೀರು, ನಿರ್ವಹಣೆ, ಲೇಖನ ಸಾಮಗ್ರಿ ಉಳಿದಿದೆ ಎಂದು ಗುರುತಿಸಿ ಶೇ 15ರಷ್ಟು ಕಡಿತ ನಿಗದಿ ಮಾಡಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದೇ ದಾರಿ ಹಿಡಿದು ಶೇ 85 ಎಂದಿತು. ನಮ್ಮ ಊಹೆಯ ಶಾಲೆಯನ್ನು ಒಂದು ವರ್ಷ ಮುಚ್ಚಿ ನೋಡಿ: ಪರೀಕ್ಷೆ ಹಾಳೆಯ 1,20,000, ಗ್ಯಾದರಿಂಗ್ ಆಟೋಟದ 1,00,000, ಕರೆಂಟು ರಿಪೇರಿಯಲ್ಲಿ ಒಂದಿಷ್ಟು, ಎಲ್ಲ ಉಳಿದರೂ 3 ಲಕ್ಷದ ಆಸುಪಾಸು, ಶೇ 10. ಶೇ 30 ಎಂದರೆ 9 ಲಕ್ಷ. ಅಷ್ಟನ್ನು ಸಂಬಳ ಮುಟ್ಟದೆ ಉಳಿಸಲು ಆಗುವುದೇ ಇಲ್ಲ. ಆ ವರ್ಷ ಎಷ್ಟೋ ಖಾಸಗಿ ಶಾಲಾ ಶಿಕ್ಷಕರು ಹೊಲದ ಕೂಲಿಗೆ, ತರಕಾರಿ ಮಾರಾಟಕ್ಕೆ ಇಳಿದದ್ದು ಈ ಅಂಕಗಣಿತದಿಂದಲೇ.

ಕೊನೆಯದಾಗಿ, ಆರ್‌ಟಿಇ ಸೀಟಿನ ಮಗುವಿಗೆ ಸರ್ಕಾರ ಕೊಡುವ ಹಣ ಶಾಲೆಯ ವೆಚ್ಚವನ್ನು ನೋಡಿ ನಿಗದಿಯಾಗುತ್ತದೆಯೇ? ಇಲ್ಲ. ಕಾಯ್ದೆಯ 12(2) ಪ್ರಕಾರ ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ಅಥವಾ ಖಾಸಗಿ ಶಾಲೆಯ ಫೀ, ಎರಡರಲ್ಲಿ ಕಡಿಮೆ ಇರುವುದನ್ನು ಕೊಡಬೇಕು. ಕರ್ನಾಟಕದಲ್ಲಿ ಮೊದಲ ವರ್ಷಗಳ ಮಿತಿ 1ನೇ ತರಗತಿಗೆ 11,848 ರೂ., ಎಲ್‌ಕೆಜಿಗೆ ಸರಿಯಾಗಿ ಅದರ ಅರ್ಧ 5,924 ಇತ್ತು. ಮುಂದೆ ಅದು 16,000 ಮತ್ತು 8,000 ಆಯಿತು. ಸರ್ಕಾರದ ತಲಾ ಖರ್ಚು ಕಂಡುಹಿಡಿಯುವ ಸೂತ್ರ ಕೇಂದ್ರದ 2010ರ ಮಾದರಿ ನಿಯಮಗಳಲ್ಲಿದೆ: ಸರ್ಕಾರಿ ಶಾಲೆಗಳ ವರ್ಷದ ಆವರ್ತಕ ಖರ್ಚನ್ನು ಅಲ್ಲಿ ದಾಖಲಾದ ಮಕ್ಕಳಿಂದ ಭಾಗಿಸುವುದು. ಆವರ್ತಕ ಖರ್ಚು ಎಂದ ಮೇಲೆ ಕಟ್ಟಡ ಕಟ್ಟಿದ ಹಣ ಅದರೊಳಗೆ ಬರುವುದಿಲ್ಲ. ಆ ಅಂಕಿಯನ್ನು ಖಾಸಗಿ ಶಾಲೆಯ ತಲಾ ವೆಚ್ಚದ ಪಕ್ಕದಲ್ಲಿಟ್ಟು ಹೋಲಿಸುವವರು ಮೊದಲು ಇಲ್ಲಿಂದಲೂ ಕಟ್ಟಡ, ಬೆಂಚು, ಕಂಪ್ಯೂಟರಿನ ಸವಕಳಿ 2,20,000ವನ್ನು ತೆಗೆಯಬೇಕು. ಆಗ ನಮ್ಮ ಶಾಲೆಯ 12,500 ಸುಮಾರು 11,580ಕ್ಕೆ ಬಂದು ನಿಲ್ಲುತ್ತದೆ. ಹೋಲಿಕೆ ಆ ಅಂಕಿಯಿಂದ ಶುರುವಾಗಬೇಕು.